ಒಂಬತ್ತನೆಯ ಅಂಕಿ

ತಾವು ಟೈಪು ಮಾಡಿದ ಕಾಗದದಲ್ಲಿ ಒಂದೇ ಒಂದು ತಪ್ಪು ತೋರಿಸಿದವರಿಗೆ ಇರಾನಿ ಚಹಾ ಕುಡಿಸುತ್ತೇನೆಂದು ಅಮೃತಪ್ಪನವರು ಪಂಥ ಕಟ್ಟುತ್ತಿದ್ದರು. ನಾನು ಆ ಕಚೇರಿಗೆ ಸೇರಿದ ಮೊದಲ ವಾರದಲ್ಲೇ ಈ ಪಂಥದ ಸುದ್ದಿ ಮೂರು ಸಲ ನನ್ನ ಕಿವಿಗೆ ಬಿತ್ತು, ಮೂರು ಸಲವೂ ಅವರ ಬಾಯಿಂದಲೇ. ಚಹಾ ಯಾರಾದರೂ ಗೆದ್ದಿದ್ದಾರೆಯೇ ಎಂದು ಕೇಳಿದೆ. ಇನ್ನೂ ಇಲ್ಲವಂತೆ.

ಕುಷಾಯಿಗೂಡದ ಒಂದು ಬೇಕರಿಯ ಮೇಲಿನ ಎರಡು ಕೋಣೆಗಳೇ ನಮ್ಮ ಆರೋಗ್ಯ ತಪಾಸಣೆಯ ಸಂಸ್ಥೆ. ಮಾಲೀಕರು ಚಂದ್ರಕಾಂತ, ಕಲಬುರಗಿಯ ಕಡೆಯವರು. ಅವರದೊಂದು ವ್ಯಾನು ಇತ್ತು, ಅದರೊಳಗೆ ಸದ್ದು ನುಗ್ಗದಂತೆ ಮಾಡಿದ ಒಂದು ಗೂಡು. ಪಟಾನ್‌ಚೆರುವಿನ ಕಾರ್ಖಾನೆಗಳು ವರ್ಷಕ್ಕೊಮ್ಮೆ ಕೆಲಸಗಾರರ ಕಿವಿ ಪರೀಕ್ಷೆ ಮಾಡಿಸಬೇಕು. ನಮ್ಮ ವ್ಯಾನು ಹೋಗಿ ಗೇಟಿನೊಳಗೆ ನಿಲ್ಲುತ್ತಿತ್ತು, ಗೂಡಿನಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸಿ ಪರೀಕ್ಷಿಸುತ್ತಿದ್ದೆವು, ಅಂಕಿಗಳು ನೋಟ್‌ಬುಕ್ಕಿಗೆ ಹೋಗುತ್ತಿದ್ದವು, ನೋಟ್‌ಬುಕ್ಕು ಅಮೃತಪ್ಪನವರ ಮೇಜಿಗೆ ಬರುತ್ತಿತ್ತು. ಅವರು ಅದನ್ನು ಕೋಷ್ಟಕ ಮಾಡಿ, ಕೆಳಗೆ ಎರಡು ಸಾಲು ಅರ್ಥ ಬರೆದರೆ ವರದಿ ಸಿದ್ಧ. ವಾರಕ್ಕೊಮ್ಮೆ ಒಬ್ಬ ಡಾಕ್ಟರು ಬಂದು, ಫ್ಯಾನಿನ ಗಾಳಿಗೆ ಹಾರದಂತೆ ಕಾಗದಗಳನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಎಲ್ಲದಕ್ಕೂ ಸಹಿ ಹಾಕಿ ಹೋಗುತ್ತಿದ್ದರು. ಓದುತ್ತಿದ್ದರೆಂದು ನಾನು ಪ್ರಮಾಣ ಮಾಡಲಾರೆ.

ನಾನು ಶ್ರೀವಿದ್ಯಾ, ಮೈಸೂರಿನವಳು. ಶ್ರವಣ ಪರೀಕ್ಷೆಯ ವಿದ್ಯೆ ಕಲಿತು, ತಾರ್ನಾಕದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಎರಡು ಸಾವಿರದ ಇಪ್ಪತ್ತೆರಡರಲ್ಲಿ ಇಲ್ಲಿಗೆ ಸೇರಿದೆ. ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ನನ್ನ ಹಿಂದೆ ಈ ಕೆಲಸ ಮಾಡುತ್ತಿದ್ದ ಮಹೇಶಕುಮಾರ ಎಂಟು ವರ್ಷ ಇದ್ದು, ಬಿಟ್ಟು ವಿಜಯವಾಡದಲ್ಲಿ ಅಂಗಡಿ ಹಾಕಿದ್ದ.

ಅಮೃತಪ್ಪನವರಿಗೆ ಆಗ ಅರವತ್ತೊಂದು. ಭಾಲ್ಕಿಯಿಂದ ಹತ್ತೊಂಬತ್ತನೆಯ ವಯಸ್ಸಿಗೆ ಬಂದವರು. ಕೋರ್ಟಿನ ಹೊರಗೆ ಮರದ ಕೆಳಗೆ ಕುಳಿತು ಅಫಿಡವಿಟ್ಟು ಟೈಪು ಮಾಡಿದರು, ಆಮೇಲೆ ವಕೀಲರೊಬ್ಬರ ಬಳಿ, ಆಮೇಲೆ ಇಲ್ಲಿ. ಇಂಗ್ಲಿಷು ಅರ್ಧ ಬರುತ್ತಿತ್ತು, ಆದರೆ ಕಾಗುಣಿತ ಒಂದೂ ತಪ್ಪುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಳಿಸುವುದು ಟೈಪಿಸ್ಟಿನ ಧರ್ಮ ಎಂಬುದು ಅವರ ನಂಬಿಕೆ. ಕೋರ್ಟಿನ ಕೆಲಸದಲ್ಲಿ ಒಂದು ಅಲ್ಪವಿರಾಮ ಅತ್ತಿತ್ತ ಆದರೂ ಒಬ್ಬರ ಹೊಲ ಇನ್ನೊಬ್ಬರದಾಗುತ್ತದೆ ಎನ್ನುತ್ತಿದ್ದರು. ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಅಡಿಕೋಲು. ಕಂಪ್ಯೂಟರಿನಲ್ಲಿ ಕೋಷ್ಟಕ ಮಾಡಿದ ಮೇಲೂ ಪರದೆಯ ಮೇಲೆ ಅಡಿಕೋಲು ಇಟ್ಟು ಸಾಲು ನೇರವಿದೆಯೇ ಎಂದು ನೋಡುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಅದನ್ನು ಹೇಳಿ ನಗುತ್ತಿದ್ದೆ, ಅವರೂ ನಗುತ್ತಿದ್ದರು.

ಮನೆಯ ವಿಷಯ ಬಂದರೆ ಅವರು ಹೇಳುತ್ತಿದ್ದದ್ದು ಒಬ್ಬರ ಬಗ್ಗೆಯೇ. ತಂಗಿ ಗುರುಬಾಯಿಯ ಗಂಡ ವೈಜನಾಥ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಕಂಪ್ರೆಸರ್ ಮನೆಯ ಆಪರೇಟರು. ನಾಲ್ಕು ದೊಡ್ಡ ಗಾಳಿಯಂತ್ರಗಳು ದಿನವಿಡೀ ಕೂಗುವ ಕೋಣೆ. ವೈಜನಾಥ ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಿದ್ದನಂತೆ. ಈಗ ಅವನ ಕಿವಿ ಹೋಗಿದೆ. ಸೋಂಕು, ಔಷಧಿ ಸರಿಯಾಗಿ ಹಾಕಿಕೊಳ್ಳಲಿಲ್ಲ, ಹಟಮಾರಿ, ಹೇಳಿದ್ದು ಕೇಳಿದರೂ ಕೇಳದವನ ಹಾಗೆ ಕೂರುತ್ತಾನೆ ಎಂದು ಅಮೃತಪ್ಪ ಬೇಸರದಿಂದ ಹೇಳುತ್ತಿದ್ದರು. ಇದನ್ನೆಲ್ಲ ಅವರು ಊಹೆಯಿಂದ ಹೇಳುತ್ತಿರಲಿಲ್ಲ. ವೈಜನಾಥನ ವರದಿಯನ್ನು ವರ್ಷ ವರ್ಷ ತಮ್ಮ ಕೈಯಾರೆ ಟೈಪು ಮಾಡಿದವರು ಅವರೇ. ಪ್ರತಿ ವರ್ಷ ಒಂದು ಪ್ರತಿ ಒಯ್ದು, ತಂಗಿಯ ಮನೆಯಲ್ಲಿ ಕುಳಿತು, ಓದಿ, ಅರ್ಥ ಹೇಳಿ ಬರುತ್ತಿದ್ದರು.

ನಾನು ಸೇರಿ ಹತ್ತು ದಿನವಾಗಿತ್ತು. ನನ್ನ ಮೊದಲ ನೋಟ್‌ಬುಕ್ಕು ಅವರ ಮೇಜಿಗೆ ಹೋಗಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು ನನ್ನ ಬಳಿ ಬಂದರು.

"ಮೇಡಮ್ಮರ, ಅಂಕಿ ಮ್ಯಾಲ ಈ ಸಾವಿರ, ಎರಡು ಸಾವಿರ ಅಂತ ಯಾಕ ಬರದೀರಿ? ಅದೂ ಸಾಲಿಗಿಲ್ಲ. ಸಾವಿರದಿಂದ ಶುರು ಮಾಡೀರಿ, ಇನ್ನೂರೈವತ್ತು ಕಡೀಕ ಬಂದೈತಿ. ಮಹೇಶಕುಮಾರ ಬರೇ ಅಂಕಿ ಕೊಡತಿದ್ದರಿ. ನಾ ಇನ್ನೂರೈವತ್ತರಿಂದ ಸಾಲಿಗೆ ಕೂಡಿಸಿಬಿಡತಿದ್ದೆ."

ನಾನು ಪೆನ್ನು ಕೆಳಗಿಟ್ಟೆ. ಸಾಲಿಗೆ ಅಂದರೆ ಹೇಗೆ ಎಂದು ಕೇಳಿದೆ. ಅವರು ಹೆಮ್ಮೆಯಿಂದಲೇ ತೋರಿಸಿದರು. ಕೋಷ್ಟಕದಲ್ಲಿ ಎಂಟು ಮನೆ: ಇನ್ನೂರೈವತ್ತು, ಐನೂರು, ಸಾವಿರ, ಎರಡು ಸಾವಿರ, ಮೂರು ಸಾವಿರ, ನಾಲ್ಕು ಸಾವಿರ, ಆರು ಸಾವಿರ, ಎಂಟು ಸಾವಿರ. ನೋಟ್‌ಬುಕ್ಕಿನಲ್ಲಿ ಎಂಟು ಅಂಕಿ. ಮೊದಲ ಅಂಕಿ ಮೊದಲ ಮನೆಗೆ, ಎರಡನೆಯದು ಎರಡನೆಯದಕ್ಕೆ.

ಅವರು ತೋರಿಸಿದ ಸಾಲೇ ತಪ್ಪಾಗಿತ್ತು. ಅದು ಏಕೆ ಎಂದು ಇಲ್ಲಿ ಸ್ವಲ್ಪ ಹೇಳಬೇಕು.

ಕಿವಿ ಪರೀಕ್ಷೆಯಲ್ಲಿ ನಾವು ಒಂದೊಂದು ಸ್ವರವನ್ನು ಕೇಳಿಸುತ್ತೇವೆ, ಕೇಳಿದರೆ ಗುಂಡಿ ಒತ್ತಿ ಎನ್ನುತ್ತೇವೆ, ಸದ್ದನ್ನು ಏರಿಸಿ ಇಳಿಸಿ, ಅತಿ ಸಣ್ಣದಾಗಿ ಎಷ್ಟಕ್ಕೆ ಕೇಳುತ್ತದೋ ಅದನ್ನು ಬರೆದುಕೊಳ್ಳುತ್ತೇವೆ. ಅದೇ ಮಿತಿ. ಡೆಸಿಬೆಲ್ ಲೆಕ್ಕ. ಅಂಕಿ ಇಪ್ಪತ್ತೈದರೊಳಗಿದ್ದರೆ ಕಿವಿ ಚೆನ್ನಾಗಿದೆ, ಏರಿದಷ್ಟೂ ಕೆಟ್ಟಿದೆ. ಮನೆಗಳ ಮೇಲಿನ ಸಂಖ್ಯೆ ಸ್ವರದ ಹೆಸರು: ಇನ್ನೂರೈವತ್ತು ಎಂದರೆ ದಪ್ಪ ಸ್ವರ, ಎಂಟು ಸಾವಿರ ಎಂದರೆ ಕೀಚು ಸ್ವರ. ಆದರೆ ಪರೀಕ್ಷೆ ದಪ್ಪದಿಂದ ಶುರುವಾಗುವುದಿಲ್ಲ. ಸಾವಿರ ಎಲ್ಲರಿಗೂ ಸುಲಭವಾಗಿ ತಿಳಿಯುವ ಸ್ವರ, ಅಲ್ಲಿಂದ ಶುರು. ಮೇಲಕ್ಕೆ ಎಂಟು ಸಾವಿರದವರೆಗೆ ಹೋಗಿ, ಮತ್ತೆ ಸಾವಿರಕ್ಕೆ ಬಂದು ಇನ್ನೊಂದು ಸಲ ಕೇಳಿ, ಆಮೇಲೆ ಐನೂರು, ಇನ್ನೂರೈವತ್ತು. ಎರಡನೆಯ ಸಲ ಕೇಳುವುದು ಮನುಷ್ಯ ಒಂದೇ ಉತ್ತರ ಕೊಡುತ್ತಾನೋ ಎಂದು ನೋಡಲು. ಅದು ಮೊದಲು ಪರೀಕ್ಷಿಸಿದ ಕಿವಿಗೆ ಮಾತ್ರ. ಹಾಗಾಗಿ ಮಹೇಶಕುಮಾರನ ಬಲಗಿವಿಯ ಸಾಲಿನಲ್ಲಿ ಒಂಬತ್ತು ಅಂಕಿ, ಎಡಗಿವಿಯ ಸಾಲಿನಲ್ಲಿ ಎಂಟು. ಅವನು ಕಲಿತ ಹಾಗೆ, ಪರೀಕ್ಷೆ ನಡೆದ ಕ್ರಮದಲ್ಲೇ ಬರೆದಿದ್ದ. ತಲೆಬರಹ ಹಾಕಿರಲಿಲ್ಲ, ಏಕೆಂದರೆ ಅವನಿಗೆ ಅದು ಬಾಯಿಪಾಠ.

ಆ ಒಂಬತ್ತನೆಯ ಅಂಕಿ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಮೊದಲ ವಾರವೇ ಫೋನು ಮಾಡಿ ಕೇಳಿದ್ದರಂತೆ. ವ್ಯಾನಿನಲ್ಲಿದ್ದ ಮಹೇಶಕುಮಾರ, ಒಂದು ಸ್ವರದ ಅಂಕಿ ಎರಡು ಸಲ ಬಂದಿದೆ, ಅದರಲ್ಲಿ ಒಂದನ್ನು ಬಿಟ್ಟುಬಿಡಿ ಎಂದಿದ್ದ. ಅಮೃತಪ್ಪ ಕೊನೆಯದನ್ನು ಬಿಟ್ಟರು. ಎಂಟು ವರ್ಷ ಬಿಟ್ಟರು.

ಹಳೆಯ ನೋಟ್‌ಬುಕ್ಕು ತೋರಿಸಿ ಎಂದೆ. ಅವರು ಬೀರು ತೆಗೆದು, ಎರಡು ಸಾವಿರದ ಹದಿನಾಲ್ಕರದನ್ನು ತಂದು, ಯಾವ ಪುಟ ಬೇಕು ಎಂದೂ ಕೇಳದೆ, ತಮಗೆ ಗೊತ್ತಿದ್ದ ಒಂದು ಪುಟವನ್ನೇ ತೆಗೆದು ಮುಂದಿಟ್ಟರು. ವೈಜನಾಥನದು.

ಬಲ: 20 25 40 60 50 35 20 15 15
ಎಡ: 20 25 45 60 55 35 15 15

ಇದನ್ನು ಅಮೃತಪ್ಪನವರ ಕೋಷ್ಟಕದಂತೆ ಓದಿದರೆ ಬಲಗಿವಿಗೆ ಸಾವಿರದಲ್ಲಿ ನಲವತ್ತು, ಎರಡು ಸಾವಿರದಲ್ಲಿ ಅರವತ್ತು, ನಾಲ್ಕು ಸಾವಿರದಲ್ಲಿ ಮೂವತ್ತೈದು, ಎಂಟು ಸಾವಿರದಲ್ಲಿ ಹದಿನೈದು. ಮಾತಿನ ಸ್ವರಗಳಲ್ಲೇ ಪೆಟ್ಟು, ಕೀಚು ಸ್ವರ ಸರಿ. ಗೋಡೆಗೆ ಡಾಕ್ಟರು ಅಂಟಿಸಿದ್ದ ಹಾಳೆಯ ಪ್ರಕಾರ ಐನೂರು, ಸಾವಿರ, ಎರಡು ಸಾವಿರಗಳ ಸರಾಸರಿ ನಲವತ್ತೆರಡು, ಆದ್ದರಿಂದ "ಮಧ್ಯಮ ಕಿವುಡು". ಸದ್ದಿನ ಪೆಟ್ಟು ಬಿದ್ದರೆ ನಾಲ್ಕು ಸಾವಿರದ ಹತ್ತಿರ ಕಾಣುವ ತಗ್ಗು ಇಲ್ಲ, ಆದ್ದರಿಂದ "ಶಬ್ದದಿಂದ ಬಂದದ್ದಲ್ಲ, ಕಿವಿಯ ಕಾಯಿಲೆ ಇರಬಹುದು".

ನಾನು ಒಂದು ಬಿಳಿ ಹಾಳೆ ತೆಗೆದುಕೊಂಡು ಅದೇ ಅಂಕಿಗಳನ್ನು ಅವುಗಳ ಮನೆಗೆ ಕಳಿಸಿದೆ.

ಬಲಗಿವಿ: 250ಕ್ಕೆ 15, 500ಕ್ಕೆ 15, 1000ಕ್ಕೆ 20, 2000ಕ್ಕೆ 25, 3000ಕ್ಕೆ 40, 4000ಕ್ಕೆ 60, 6000ಕ್ಕೆ 50, 8000ಕ್ಕೆ 35.
ಎಡಗಿವಿ: 15, 15, 20, 25, 45, 60, 55, 35.

ಸರಾಸರಿ ಇಪ್ಪತ್ತು. ಮಾತು ಕೇಳುವ ಮಟ್ಟಿಗೆ ಕಿವಿ ಆಗ ಚೆನ್ನಾಗಿಯೇ ಇತ್ತು. ಆದರೆ ನಾಲ್ಕು ಸಾವಿರದಲ್ಲಿ ಎರಡೂ ಕಡೆ ತಗ್ಗು, ಎಂಟು ಸಾವಿರಕ್ಕೆ ಮತ್ತೆ ಸ್ವಲ್ಪ ಸುಧಾರಣೆ. ಯಂತ್ರದ ಸದ್ದು ಕಿವಿಯನ್ನು ತಿನ್ನತೊಡಗಿದಾಗ ಮೊದಲು ಬೀಳುವ ಗುರುತು ಇದು. ಇದನ್ನು ನೋಡಿದ ಯಾರೇ ಆದರೂ ಮಾಡಬೇಕಾದದ್ದು ಒಂದೇ: ಆ ಮನುಷ್ಯನನ್ನು ಆ ಕೋಣೆಯಿಂದ ಹೊರಗೆ ಕಳಿಸುವುದು. ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದು ಉಳಿಯುತ್ತದೆ.

ಅಮೃತಪ್ಪ ನನ್ನ ಹಾಳೆಯನ್ನೂ ತಮ್ಮ ಕೋಷ್ಟಕವನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ನಾನು ಹೇಳಿಕೊಡಬೇಕಾದ್ದೇನೂ ಇರಲಿಲ್ಲ, ಗೋಡೆಯ ಹಾಳೆಯ ನಿಯಮ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಜೇಬಿನ ಅಡಿಕೋಲು ತೆಗೆದು ಅಂಕಿಗಳ ಕೆಳಗೆ ಇಟ್ಟರು, ಮತ್ತೆ ತೆಗೆದರು.

"ಅಂದ್ರ ಅವಗ ಸೋಂಕು ಇರಲೇ ಇಲ್ಲೇನ್ರಿ?" ಎಂದರು.

ಇರಲಿಲ್ಲ ಎಂದೆ. ಮಾಲೀಕರ ಬಳಿ ಈಗಲೇ ಹೋಗೋಣ ಎಂದು ಎದ್ದೆ. ಅವರು ಏಳಲಿಲ್ಲ. ಅವರು ಆಗ ಹೇಳಿದ ಸಂಗತಿಗಳನ್ನು ನಾನು ನಿಂತೇ ಕೇಳಿದೆ. ಎಂಟು ವರ್ಷದಲ್ಲಿ ವೈಜನಾಥ ಮೂರು ಸಲ ಬೇರೆ ವಿಭಾಗಕ್ಕೆ ಹಾಕಿ ಎಂದು ಅರ್ಜಿ ಕೊಟ್ಟಿದ್ದ. ಮೂರೂ ಸಲ ಕಾರ್ಖಾನೆಯವರು ಈ ವರದಿಗಳನ್ನು ತೋರಿಸಿ, ನಿನ್ನ ಕಿವಿಯದು ಕಾಯಿಲೆ, ಯಂತ್ರದ್ದಲ್ಲ ಎಂದು ತಿರಸ್ಕರಿಸಿದ್ದರು. ಗುರುಬಾಯಿ ವರ್ಷಗಟ್ಟಲೆ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಹಾಕಿದಳು. ಅವನು ಹಾಕಿಕೊಳ್ಳದೆ ಎದ್ದು ಹೋದಾಗ ಅಣ್ಣನ ಮುಂದೆ ಅತ್ತಳು, ಅಣ್ಣ ಬಂದು ಬೈದರು. ಎರಡು ಸಾವಿರದ ಹತ್ತೊಂಬತ್ತರಲ್ಲಿ ಶ್ರವಣಯಂತ್ರ ಕೊಡಿಸಿದರು. ಮಾರುವವನು ಮತ್ತೆ ಪರೀಕ್ಷೆ ಮಾಡದೆ, ಅಮೃತಪ್ಪನವರ ಕೋಷ್ಟಕ ನೋಡಿಯೇ ಅದನ್ನು ಹೊಂದಿಸಿದ. ದಪ್ಪ ಸ್ವರಗಳನ್ನೆಲ್ಲ ಏರಿಸಿಟ್ಟ ಯಂತ್ರ, ಬಸ್ಸಿನ ಗಡಗಡವನ್ನೂ ಫ್ಯಾನಿನ ಗುಂಯ್ಯನ್ನೂ ಆ ಬಡಪಾಯಿಯ ತಲೆಯೊಳಗೆ ಸುರಿದಿರಬೇಕು. ಮಾತು ಮಾತ್ರ ಸಿಕ್ಕಿರಲಾರದು. ಹದಿನೈದು ದಿನಕ್ಕೆ ಕಿತ್ತು ಕಪಾಟಿನಲ್ಲಿಟ್ಟ. ಆಗಲೂ ಹಟಮಾರಿ ಎನಿಸಿಕೊಂಡ.

ಈಗ ಕಾರ್ಖಾನೆಯಿಂದ ಕಾಗದ ಬಂದಿತ್ತು. ಅಪಾಯದ ಗಂಟೆ ಕೇಳಿಸದ ಮನುಷ್ಯನನ್ನು ಇಟ್ಟುಕೊಳ್ಳಲಾಗದು, ತಿಂಗಳೊಳಗೆ ವೈದ್ಯಕೀಯ ಸಮಿತಿ ಕೂತು ತೀರ್ಮಾನಿಸುತ್ತದೆ ಎಂದು. ಕೆಲಸದಿಂದ ಬಂದ ಕಿವುಡು ಎಂದು ಸಮಿತಿ ಒಪ್ಪಿದರೆ ಕಾರ್ಖಾನೆಗೆ ಅವನ ಹೊಣೆ ಇರುತ್ತದೆ, ಬೇರೆ ಕೆಲಸ ಕೊಡಬೇಕಾಗುತ್ತದೆ. ಅವನ ಸ್ವಂತ ಕಾಯಿಲೆ ಎಂದಾದರೆ ಕೈಮುಗಿದು ಮನೆಗೆ ಕಳಿಸುತ್ತಾರೆ. ಅವನಿಗೆ ಐವತ್ತೆರಡು.

ಚಂದ್ರಕಾಂತರಿಗೆ ವಿಷಯ ತಿಳಿಸಿದಾಗ ನಾನು ಕಿರುಚಬಾರದೆಂದು ನಿರ್ಧರಿಸಿಕೊಂಡು ಹೋಗಿದ್ದೆ. ಅಂಕಿಗಳ ಕ್ರಮ ನನ್ನ ಊಹೆಯಲ್ಲ ಎಂದು ತೋರಿಸಿದೆ. ಪ್ರತಿ ಬಲಗಿವಿಯ ಸಾಲಿನಲ್ಲೂ ಮೊದಲ ಅಂಕಿ ಮತ್ತು ಏಳನೆಯ ಅಂಕಿ ಒಂದೇ, ಹೆಚ್ಚೆಂದರೆ ಐದರ ವ್ಯತ್ಯಾಸ. ಏಳನೆಯದು ಸಾವಿರದ ಮರುಪರೀಕ್ಷೆ ಆಗಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಇನ್ನೂರಕ್ಕೂ ಹೆಚ್ಚು ಕೆಲಸಗಾರರು. ಬಹುಪಾಲು ಮಂದಿಯ ಕಿವಿ ಚೆನ್ನಾಗಿದ್ದುದರಿಂದ ಅಂಕಿ ಎಲ್ಲಿ ಕೂತರೂ ನಡೆದುಹೋಗಿದೆ. ಮೂವತ್ತೊಂದು ಜನರದ್ದು ನಡೆದಿಲ್ಲ. ಎಲ್ಲ ವರದಿ ಹಿಂದಕ್ಕೆ ಪಡೆದು ಹೊಸದಾಗಿ ಕೊಡಬೇಕು ಎಂದೆ.

ಚಂದ್ರಕಾಂತ ಕೆಟ್ಟ ಮನುಷ್ಯನಲ್ಲ. ನಾನು ಹೇಳಿದ್ದು ಅವರಿಗೆ ಪೂರ್ತಿ ಅರ್ಥವಾಯಿತು, ಅದೇ ಕಷ್ಟ. ಡಾಕ್ಟರ ಸಹಿ ಬಿದ್ದ ಕಾಗದವನ್ನು ತಾವು ತಿದ್ದಲಾಗದು, ನೋಟ್‌ಬುಕ್ಕಿನಲ್ಲಿ ತಲೆಬರಹವಿಲ್ಲ, ಬರೆದವನು ಬಂದು ಹೇಳಬೇಕು ಎಂದರು. ಬರೆದವನಿಗೆ ಫೋನು ಮಾಡಿದೆ. ಮಹೇಶಕುಮಾರ ಮೊದಲು ಹೌದು, ಎಲ್ಲರೂ ಬರೆಯುವುದೇ ಹಾಗೆ ಎಂದ. ಅದನ್ನು ಕಾಗದದ ಮೇಲೆ ಬರೆದುಕೊಡಿ ಎಂದಾಗ ತನಗೆ ಅಷ್ಟು ಹಿಂದಿನದು ನೆನಪಿಲ್ಲ ಎಂದ. ಆಮೇಲೆ ಫೋನು ಎತ್ತಲಿಲ್ಲ. ಡಾಕ್ಟರು ಬಂದ ದಿನ ಅವರಿಗೂ ಹೇಳಿದೆ. ತಾವು ಟೈಪಿಸ್ಟನ್ನು ನಂಬಿದ್ದಾಗಿ ಹೇಳಿ ಅವತ್ತಿನ ಕಾಗದಗಳಿಗೆ ಸಹಿ ಹಾಕಿ ಹೋದರು. ಎಂಟು ವರ್ಷದ ಹಿಂದೆ ಎದುರು ಕೂತು ಚೆನ್ನಾಗಿ ಹರಟೆ ಹೊಡೆಯುತ್ತಿದ್ದ ವೈಜನಾಥನ ಕೋಷ್ಟಕದಲ್ಲಿ ಮಾತಿನ ಸ್ವರಗಳೇ ಹೋಗಿವೆ ಎಂದಿದ್ದಾಗ ಯಾರಿಗಾದರೂ ಅನುಮಾನ ಬರಬೇಕಿತ್ತು. ಕಾಗದವೂ ಮನುಷ್ಯನೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮನುಷ್ಯನ ಕಡೆ ಯಾರೂ ನೋಡಲಿಲ್ಲ.

ಹೊಸ ಪರೀಕ್ಷೆಯನ್ನಾದರೂ ಸರಿಯಾಗಿ ಮಾಡೋಣವೆಂದು ವೈಜನಾಥನನ್ನು ಕಚೇರಿಗೆ ಕರೆಸಿದೆವು. ಎರಡು ದಿನ ರಜೆ ಹಾಕಿ, ಕಿವಿಗೆ ಯಂತ್ರದ ಸದ್ದು ಬೀಳದಂತೆ ಇದ್ದು ಬರಬೇಕೆಂದು ಹೇಳಿಕಳಿಸಿದ್ದೆ, ಹಾಗೇ ಬಂದ. ದೊಡ್ಡ ಮೈಯ, ನಗುಮುಖದ ಮನುಷ್ಯ. ಕೇಳದವರು ನಗುತ್ತಾರಲ್ಲ, ಯಾವುದಕ್ಕೂ ಇರಲಿ ಎಂದು, ಆ ನಗೆ. ಬಲಗಿವಿಗೆ ಸಾವಿರದಲ್ಲಿ ನಲವತ್ತೈದು, ಎರಡು ಸಾವಿರದಲ್ಲಿ ಅರವತ್ತೈದು, ನಾಲ್ಕು ಸಾವಿರದಲ್ಲಿ ಎಂಬತ್ತೈದು. ಎಡವೂ ಹೆಚ್ಚು ಕಡಿಮೆ ಹಾಗೆಯೇ. ದಪ್ಪ ಸ್ವರ ಮಾತ್ರ ಉಳಿದಿತ್ತು, ಇನ್ನೂರೈವತ್ತಕ್ಕೆ ಇಪ್ಪತ್ತೈದು. ಅಂದರೆ ಯಾರೋ ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ, ಏನು ಮಾತಾಡುತ್ತಿದ್ದಾರೆಂದು ತಿಳಿಯುವುದಿಲ್ಲ. ಹಟಮಾರಿಗಳು ಹೀಗೇ ಕಾಣುತ್ತಾರೆ.

ಕಪಾಟಿನಲ್ಲಿದ್ದ ಯಂತ್ರವನ್ನೂ ತರಿಸಿದ್ದೆ. ಸರಿಯಾದ ಕೋಷ್ಟಕ ನೋಡಿ ಮತ್ತೆ ಹೊಂದಿಸಿ, ಕಿವಿಗಿಟ್ಟು, ಇಪ್ಪತ್ತೈದು ಕನ್ನಡ ಪದ ಹೇಳಿದೆ, ತಿರುಗಿ ಹೇಳಿ ಎಂದೆ. ಹತ್ತು ಸರಿಯಾದವು. ನಾನು ಸದ್ದು ಏರಿಸಿ ಇನ್ನೊಂದು ಪಟ್ಟಿ ಹೇಳಿದೆ. ಮತ್ತೆ ಹತ್ತು. ಒಳಗಿನ ನರತಂತುಗಳೇ ಸವೆದ ಮೇಲೆ ಸದ್ದು ಎಷ್ಟು ಸುರಿದರೂ ಮಾತಾಗುವುದಿಲ್ಲ. ಹದಿನಾಲ್ಕರಲ್ಲಿ ಕೋಣೆಯಿಂದ ಹೊರಬಂದಿದ್ದರೆ ಅವನಿಗೆ ಯಂತ್ರವೇ ಬೇಕಿರಲಿಲ್ಲ. ಹತ್ತೊಂಬತ್ತರಲ್ಲಿ ಇದೇ ಯಂತ್ರವನ್ನು ಸರಿಯಾಗಿ ಹೊಂದಿಸಿದ್ದರೂ ಮೊಮ್ಮಗಳು ಪಿಂಕಿಯ ಮಾತು ಕೇಳುತ್ತಿತ್ತೇನೋ. ಅಮೃತಪ್ಪ ಗಾಜಿನ ಆಚೆ ನಿಂತು ನೋಡುತ್ತಿದ್ದರು. ಎಷ್ಟು ಬಂತೆಂದು ಸನ್ನೆಯಲ್ಲಿ ಕೇಳಿದರು. ನಾನು ಎರಡೂ ಕೈಯ ಬೆರಳು ತೋರಿಸಿದೆ.

ಆ ವಾರ ಅವರು ವೈಜನಾಥನ ಏಳು ವರ್ಷದ ವರದಿಗಳನ್ನು ಹೊಸದಾಗಿ ಮಾಡಿದರು. ನಡುವೆ ಒಂದು ವರ್ಷ ಲಾಕ್‌ಡೌನಿನ ಗಲಾಟೆಯಲ್ಲಿ ಪರೀಕ್ಷೆ ಆಗಿರಲಿಲ್ಲ. ಪ್ರತಿಯೊಂದಕ್ಕೂ ಎರಡು ಸಾಲಿನ ಕೋಷ್ಟಕ, ಮೇಲೆ ಎಂಟು ಮನೆ, ಪಕ್ಕದಲ್ಲಿ ಸಾವಿರದ ಎರಡನೆಯ ಅಂಕಿಗೆ ಬೇರೆ ಮನೆ, ಕೆಳಗೆ ಅರ್ಥ. ಅರ್ಥವನ್ನು ಮೊದಲ ಸಲ ಕನ್ನಡದಲ್ಲೂ ಬರೆದರು: "ಎರಡೂ ಕಿವಿಯಲ್ಲಿ ನಾಲ್ಕು ಸಾವಿರದ ಹತ್ತಿರ ಶಬ್ದದ ಪೆಟ್ಟು. ಮಾತಿನ ಸ್ವರ ಸದ್ಯ ಸರಿಯಿದೆ. ಈ ಕೆಲಸಗಾರನನ್ನು ಸದ್ದಿನ ಜಾಗದಿಂದ ತೆಗೆಯತಕ್ಕದ್ದು." ಇದು ಹದಿನಾಲ್ಕರದು. ವರ್ಷ ವರ್ಷ ತಗ್ಗು ಅಗಲವಾಗುತ್ತಾ, ಮಾತಿನ ಸ್ವರಗಳ ಕಡೆ ಜರುಗುತ್ತಾ ಬರುವುದು ಆ ಏಳು ಹಾಳೆಗಳಲ್ಲಿ ಕಣ್ಣಿಗೆ ಕಟ್ಟುವಂತಿತ್ತು. ನನ್ನ ಓದಿನಲ್ಲಿ ಅಷ್ಟು ಅಚ್ಚುಕಟ್ಟಾದ ವರದಿಯನ್ನು ನೋಡಿಲ್ಲ. ನಾನು ಹುಡುಕಿ ನೋಡಿದೆ, ಒಂದು ತಪ್ಪೂ ಇರಲಿಲ್ಲ.

ಜೊತೆಗೆ ಅಮೃತಪ್ಪ ಒಂದು ಕಾಗದ ಬರೆದರು. ತಾನು ಟೈಪಿಸ್ಟು, ಅಂಕಿಗಳನ್ನು ತಪ್ಪು ಮನೆಗಳಲ್ಲಿ ಕೂರಿಸಿದ್ದು ತಾನು, ಕೊನೆಯ ಅಂಕಿ ಬಿಟ್ಟದ್ದು ತಾನು, ಶಿಕ್ಷೆ ತನಗಾಗಲಿ ಎಂದು. ಚಂದ್ರಕಾಂತ ಬೇಡವೆಂದರೂ ಕೇಳದೆ, ತಾವೇ ಬಸ್ಸು ಹಿಡಿದು ಪಟಾನ್‌ಚೆರುವಿಗೆ ಹೋಗಿ ಸಮಿತಿಗೆ ಕೊಟ್ಟು ಬಂದರು. ಮರುದಿನದಿಂದ ಕೆಲಸಕ್ಕೆ ಬರಬೇಡಿ ಎಂದು ಚಂದ್ರಕಾಂತ ಅವರಿಗೆ ಹೇಳಿದರು. ಅಮೃತಪ್ಪ ಅಡಿಕೋಲನ್ನು ಮೇಜಿನ ಮೇಲೆ ಬಿಟ್ಟು ಹೋದರು. ನನಗೆ ರಾಜೀನಾಮೆ ಬಿಸಾಡುವಷ್ಟು ಸಿಟ್ಟು ಬಂತು. ಬಿಸಾಡಲಿಲ್ಲ. ಉಳಿದ ಮೂವತ್ತು ಜನರ ನೋಟ್‌ಬುಕ್ಕು ಆ ಬೀರುವಿನಲ್ಲೇ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ, ಉಳಿದರ್ಧ ಪುಕ್ಕಲುತನ.

ಮೂರು ವಾರಕ್ಕೆ ಸಮಿತಿಯ ಉತ್ತರ ಬಂತು. ಈಗಿನ ಪರೀಕ್ಷೆ ಶಬ್ದದ ಪೆಟ್ಟನ್ನು ಹೋಲುತ್ತದಾದರೂ, ಅದೇ ಸಂಸ್ಥೆಯ ಸಹಿಯಿರುವ ಹಿಂದಿನ ಏಳು ವರದಿಗಳು ಬೇರೆಯೇ ಹೇಳುತ್ತವೆ. ತಿದ್ದಿದ ಕೋಷ್ಟಕಗಳಿಗೆ ಸಹಿಯಿಲ್ಲ. ತಪ್ಪೊಪ್ಪಿಕೊಂಡ ಟೈಪಿಸ್ಟು ಕೆಲಸಗಾರನ ಹೆಂಡತಿಯ ಅಣ್ಣ, ಹಾಗಾಗಿ ಅವನ ಹೇಳಿಕೆಯನ್ನು ಪರಿಗಣಿಸಲಾಗದು. ಕಿವುಡು ಕೆಲಸದಿಂದ ಬಂದದ್ದೆಂದು ಸಾಬೀತಾಗಿಲ್ಲ. ತಪ್ಪು ಮಾಡುವಾಗ ಅಮೃತಪ್ಪ ಯಾರ ಅಣ್ಣ ಎಂದು ಯಾರೂ ಕೇಳಿರಲಿಲ್ಲ.

ಆ ಭಾನುವಾರ ಅಮೃತಪ್ಪ ನನಗೆ ಫೋನು ಮಾಡಿ, ತಂಗಿಯ ಮನೆಗೆ ಹೋಗುತ್ತಿದ್ದೇನೆ, ಬರುತ್ತೀರಾ ಎಂದು ಕೇಳಿದರು. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ. ತನ್ನ ಕೆಲಸ ಹೋದ ಸುದ್ದಿ ವೈಜನಾಥನಿಗೆ ಕಾರ್ಖಾನೆಯಿಂದ ತಲುಪಿತ್ತು. ತಪ್ಪು ಯಾರದೆಂದು ಮಾತ್ರ ಇನ್ನೂ ಯಾರೂ ಹೇಳಿರಲಿಲ್ಲ. ಕಚೇರಿಗೆ ಬಂದ ದಿನವೂ ಅಮೃತಪ್ಪ ಹೇಳಲಿಲ್ಲ, ಸಮಿತಿ ಒಪ್ಪಿದ ಮೇಲೆ ಹೇಳೋಣ ಎಂದುಕೊಂಡಿದ್ದರಂತೆ.

ಪಟಾನ್‌ಚೆರುವಿನ ಸಣ್ಣ ಮನೆ, ಒಳಗೆ ಮೂರು ಕುರ್ಚಿ. ಗುರುಬಾಯಿ ಚಹಾ ಇಟ್ಟಳು. ಅಮೃತಪ್ಪ ಚೀಲದಿಂದ ಏಳು ಹಾಳೆ ತೆಗೆದು ವೈಜನಾಥನ ಕೈಗೆ ಕೊಟ್ಟರು. ಅವನು ಕನ್ನಡದ ಸಾಲುಗಳನ್ನು ಬೆರಳಿಟ್ಟು ನಿಧಾನವಾಗಿ ಓದಿದ. ಹದಿನಾಲ್ಕರ ಹಾಳೆಯಲ್ಲಿ "ತೆಗೆಯತಕ್ಕದ್ದು" ಎಂಬಲ್ಲಿ ಬೆರಳು ನಿಂತಿತು. ಆಮೇಲೆ ಪಕ್ಕದ ಬೇರೆ ಮನೆಯನ್ನು ತೋರಿಸಿ, ಸಾವಿರ ಯಾಕೆ ಎರಡು ಸಲ ಎಂದು ನನ್ನನ್ನು ಕೇಳಿದ. ನಾನು ಹಾಳೆಯ ಹಿಂದೆ ಬರೆದೆ: ನೀವು ನಿಜ ಹೇಳುತ್ತಿದ್ದೀರೋ ಇಲ್ಲವೋ ಎಂದು ನೋಡಲು.

ಅವನು ಏಳೂ ಹಾಳೆಗಳ ಆ ಎರಡು ಅಂಕಿಗಳನ್ನು ಒಂದೊಂದಾಗಿ ಹೋಲಿಸಿ ನೋಡಿದ. ಇಪ್ಪತ್ತು, ಇಪ್ಪತ್ತು. ಇಪ್ಪತ್ತೈದು, ಇಪ್ಪತ್ತು. ಮೂವತ್ತು, ಮೂವತ್ತು. ಕೊನೆಗೆ ಹೆಂಡತಿಯ ಕಡೆ ತಿರುಗಿದ. ದನಿ ದೊಡ್ಡದು, ಕೇಳದವರ ದನಿ.

"ನೋಡು. ನಾ ಎಲ್ಲಾ ಸಲಾನೂ ಖರೇನ ಹೇಳೀನಿ. ಇದರಾಗ ಐತಿ."

ಗುರುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಎಣ್ಣೆಯ ಬಟ್ಟಲು ಇನ್ನೂ ಕಿಟಕಿಯ ಕಟ್ಟೆಯ ಮೇಲೆ ಇತ್ತು. ಅಮೃತಪ್ಪ ಕುರ್ಚಿಯಿಂದ ಎದ್ದರು. ನೆಲ ನೋಡುತ್ತಾ, ಸಣ್ಣ ದನಿಯಲ್ಲಿ, "ತಪ್ಪು ನಂದು, ವೈಜನಾಥ. ನಾನ ತಪ್ಪು ಬರದೀನಿ" ಎಂದರು.

ವೈಜನಾಥ ಅವರ ಬಾಯಿ ನೋಡಿದ. ಬಾಯಿ ನೆಲದ ಕಡೆ ಇತ್ತು. "ಏನಂದ್ರಿ ಭಾವರಿ?" ಎಂದ.

ಅಮೃತಪ್ಪ ತಲೆಯೆತ್ತಿ ಇನ್ನೊಮ್ಮೆ ಹೇಳಿದರು. ಅವನು ಕಿವಿಯ ಹಿಂದೆ ಕೈಯಿಟ್ಟು ಮತ್ತೆ ಕೇಳಿದ. ಎಂಟು ವರ್ಷ, ಎರಡನೆಯ ಸಲ ಹೇಳಬೇಕಾಗಿ ಬಂದಾಗಲೆಲ್ಲ ಸಿಡುಕಿದ ಮನುಷ್ಯ ಈಗ ಮೂರನೆಯ ಸಲ ಹೇಳಿದರು, ನಾಲ್ಕನೆಯ ಸಲ ಕೂಗಿದರು. ಎದುರು ಮನೆಯವರು ಬಾಗಿಲಿಗೆ ಬಂದರು. ಬೀದಿಗೆಲ್ಲ ಕೇಳಿತು. ವೈಜನಾಥನಿಗೆ ಕೇಳಲಿಲ್ಲ. ಭಾವ ಮತ್ತೆ ಬೈಯುತ್ತಿದ್ದಾರೆಂದು ಅವನು ತಿಳಿದಿರಬೇಕು. ಎಂದಿನ ಆ ನಗೆ ನಕ್ಕು, ಹಾಳೆಗಳನ್ನು ಮಡಚಿ ಅವರ ಕೈಗೇ ಹಿಂತಿರುಗಿಸಿದ.

"ಆಯ್ತು ಬಿಡ್ರಿ ಭಾವರಿ, ಇನ್ನ ಮುಂದ ಬರೋಬ್ಬರಿ ಹಾಕ್ಕೋತೀನಿ ಎಣ್ಣಿ" ಎಂದ.

ಪೆನ್ನು ನನ್ನ ಕೈಯಲ್ಲೇ ಇತ್ತು. ಹಾಳೆಯ ಹಿಂದೆ ಇನ್ನೊಂದು ಸಾಲು ಬರೆಯಲು ಎಷ್ಟು ಹೊತ್ತು? ನಾನು ಅಮೃತಪ್ಪನವರ ಮುಖ ನೋಡಿದೆ. ಅವರು ಬೇಡ ಎಂದು ತಲೆಯಾಡಿಸಿ, ಕುರ್ಚಿಯಲ್ಲಿ ಕುಳಿತು, ಆರಿದ ಚಹಾ ಕುಡಿದರು.